ಎರಡು ಟನ್ ಆರ್ಡರ್‌ಗೆ ಮುಂಚೆ: ಸಾರಿನ ಪುಡಿ ಫ್ಯಾಕ್ಟರಿಯಲ್ಲಿ ಏನು ಕೇಳಬೇಕು, ಏನು ಅಳೆಯಬೇಕು

ಪ್ರಶ್ನೆ: ಧಾರವಾಡದಲ್ಲಿ ನಮ್ಮದೊಂದು ಸಣ್ಣ ಬ್ರಾಂಡ್ ಇದೆ. ಅಮ್ಮನ ಅಳತೆಯ ಸಾರಿನ ಪುಡಿಯನ್ನು ಥರ್ಡ್ ಪಾರ್ಟಿ ಫ್ಯಾಕ್ಟರಿಯಲ್ಲಿ ಮಾಡಿಸಿ 200 ಗ್ರಾಂ ಪೊಟ್ಟಣದಲ್ಲಿ ಮಾರುತ್ತೇವೆ. ಇದುವರೆಗೆ ಎರಡು ಸಲ, ತಲಾ 300 ಕೆ.ಜಿ. ಮಾಡಿಸಿದ್ದೇವೆ. ಎರಡನೆಯದರ ಬಣ್ಣ ಮಂಕು, ಖಾರ ಜಾಸ್ತಿ ಅಂತ ಕೆಲವು ಗಿರಾಕಿಗಳು ಹೇಳಿದರು. ಫ್ಯಾಕ್ಟರಿಯವರು "ಎಲ್ಲಾ ಒಂದೇ ಥರ" ಅನ್ನುತ್ತಾರೆ, ಲ್ಯಾಬ್ ರಿಪೋರ್ಟ್ ಕೂಡ ಕೊಟ್ಟಿದ್ದಾರೆ. ಈಗ ಅಂಗಡಿ ಸರಣಿಯೊಂದಕ್ಕೆ 2 ಟನ್ ಮಾಡಿಸಬೇಕಾಗಿದೆ. ಹೋಗಿ ನೋಡೋಣ ಅಂದರೆ ಏನು ನೋಡಬೇಕೆಂದೇ ತಿಳಿಯದು. ದಯವಿಟ್ಟು ತಿಳಿಸಿ.

ಉತ್ತರ: ಬಣ್ಣ ಇಳಿದಿದೆ, ಖಾರ ಏರಿದೆ, ಎರಡೂ ಒಟ್ಟಿಗೇ ಆಗಿವೆ. ಫ್ಯಾಕ್ಟರಿಗೆ ಕಾಲಿಡುವ ಮುಂಚೆಯೇ ನಿಮ್ಮ ಕೈಯಲ್ಲಿರುವ ದೊಡ್ಡ ಸುಳಿವು ಇದು. ಬರೀ ಬಣ್ಣ ಇಳಿದಿದ್ದರೆ ಹಳೆಯ ಮೆಣಸಿನಕಾಯಿ, ಹೆಚ್ಚು ಹುರಿದದ್ದು, ಮಿಲ್‌ನ ಬಿಸಿ, ಪೊಟ್ಟಣಕ್ಕೆ ಬಿದ್ದ ಬಿಸಿಲು ಹೀಗೆ ಹತ್ತು ಕಾರಣ ಹೇಳಬಹುದಿತ್ತು. ಆದರೆ ಇವುಗಳಲ್ಲಿ ಯಾವುದರಿಂದಲೂ ಖಾರ ಹೆಚ್ಚುವುದಿಲ್ಲ. ಎರಡೂ ಒಟ್ಟಿಗೆ ಆಗಿದ್ದರೆ ಹೆಚ್ಚಾಗಿ ಮೆಣಸಿನಕಾಯಿಯ ತಳಿಯೇ ಬದಲಾಗಿರುತ್ತದೆ, ಇಲ್ಲವೇ ಬೇರೆ ತಳಿ ಬೆರೆತಿರುತ್ತದೆ. ಬ್ಯಾಡಗಿ ಮೆಣಸಿನಕಾಯಿಯನ್ನು ಬಣ್ಣಕ್ಕೆಂದೇ ಕೊಳ್ಳುತ್ತಾರೆ, ಅದರ ಖಾರ ಕಡಿಮೆ. ಗುಂಟೂರು ಸಣ್ಣಂ ಥರದ್ದು ಇದಕ್ಕೆ ತಿರುಗುಮುರುಗು. ಬ್ಯಾಡಗಿಯ ಬೆಲೆ ಏರಿದ ತಿಂಗಳುಗಳಲ್ಲಿ ಮೂರರಲ್ಲಿ ಒಂದು ಪಾಲು ಬೇರೆ ಕಾಯಿ ಹಾಕಿದರೆ ಫ್ಯಾಕ್ಟರಿಗೆ ಒಳ್ಳೆಯ ಉಳಿತಾಯ. ಇದು ಬೇಕಂತಲೇ ಆಗಿರಬೇಕೆಂದೂ ಇಲ್ಲ. ಬ್ಯಾಡಗಿಯ ಹಾಗೆಯೇ ಸುಕ್ಕುಗಟ್ಟಿ ಕಾಣುವ ಹೈಬ್ರಿಡ್ ತಳಿಗಳು ಅದೇ ಹೆಸರಿನಲ್ಲಿ ಮಾರುಕಟ್ಟೆಗೆ ಬರುತ್ತವೆ, ಫ್ಯಾಕ್ಟರಿಯ ಖರೀದಿದಾರನೇ ಮೋಸ ಹೋಗಿರಬಹುದು. ಅದಕ್ಕೇ ಜಗಳ ತೆಗೆಯುವ ಮುಂಚೆ ಅಳೆಯಿರಿ.

ಎರಡೂ ಬ್ಯಾಚ್‌ನ ಸೀಲ್ ಒಡೆಯದ ಪೊಟ್ಟಣಗಳನ್ನು ಹುಡುಕಿ ತೆಗೆಯಿರಿ. ನಿಮ್ಮ ಗೋಡೌನ್‌ನಲ್ಲಿ ಇಲ್ಲದಿದ್ದರೆ ಅಂಗಡಿಯಿಂದ ವಾಪಸ್ ತರಿಸಿ, ಆದರೆ ಗಾಜಿನ ಶೋಕೇಸ್‌ನಲ್ಲಿ ಬಿಸಿಲಿಗೆ ನಿಂತದ್ದು ಬೇಡ. ಲೇಬಲ್ ಕಿತ್ತು, ಬೇರೆ ಚೀಲಕ್ಕೆ ಹಾಕಿ, ನಿಮಗೆ ಮಾತ್ರ ಗೊತ್ತಿರುವ ಗುರುತು ಬರೆದು ಎನ್‌ಎಬಿಎಲ್ ಮಾನ್ಯತೆಯ ಮಸಾಲೆ ಲ್ಯಾಬ್‌ಗೆ ಕಳಿಸಿ. ಕೇಳಬೇಕಾದ್ದು ಎರಡೇ: ಬಣ್ಣಕ್ಕೆ ಆಸ್ಟಾ ಮೌಲ್ಯ, ಖಾರಕ್ಕೆ ಕ್ಯಾಪ್ಸೈಸಿನ್ ಪ್ರಮಾಣ. ಮೊದಲ ಬ್ಯಾಚ್‌ನ ಪುಡಿಯನ್ನು ಎರಡು ಚೀಲ ಮಾಡಿ ಎರಡು ಬೇರೆ ಗುರುತಿನಲ್ಲಿ ಕಳಿಸುವುದು ಒಳ್ಳೆಯದು. ಒಂದೇ ಪುಡಿಗೆ ಲ್ಯಾಬ್ ಕೊಡುವ ಎರಡು ಉತ್ತರಗಳ ನಡುವೆ ಎಷ್ಟು ಅಂತರ ಇದೆಯೋ ಅಷ್ಟು ಲ್ಯಾಬ್‌ನ ಸ್ವಂತ ಹೊಯ್ದಾಟ. ಬ್ಯಾಚ್‌ಗಳ ನಡುವಿನ ಅಂತರ ಅದಕ್ಕಿಂತ ಸ್ಪಷ್ಟವಾಗಿ ದೊಡ್ಡದಿದ್ದರೆ ಮಾತ್ರ ಅದನ್ನು ಹಿಡಿದು ಮಾತಾಡಬಹುದು.

ಉತ್ತರವನ್ನು ಓದುವುದು ಹೀಗೆ. ಎರಡನೆಯ ಬ್ಯಾಚ್‌ನಲ್ಲಿ ಬಣ್ಣ ಇಳಿದು ಖಾರ ಏರಿದ್ದರೆ ತಳಿ ಬದಲಾಗಿದೆ. ಬಣ್ಣ ಇಳಿದು ಖಾರ ಹಾಗೇ ಇದ್ದರೆ ಕಾಯಿ ಹಳೆಯದು, ಇಲ್ಲವೇ ಹುರಿಯುವುದರಲ್ಲಿ, ಬೀಸುವುದರಲ್ಲಿ ಸುಟ್ಟಿದೆ. ಎರಡೂ ಇಳಿದಿದ್ದರೆ ಮೆಣಸಿನಕಾಯಿಯ ಪಾಲೇ ಕಡಿಮೆ ಬಿದ್ದಿದೆ. ಪುಡಿಯ ಬಣ್ಣ ದಿನಕಳೆದಂತೆ ತಾನಾಗಿಯೇ ಇಳಿಯುತ್ತದೆ ಎಂಬುದನ್ನು ಮರೆಯಬೇಡಿ. ನಿಮ್ಮ ಮೊದಲ ಬ್ಯಾಚ್ ಹೆಚ್ಚು ಹಳೆಯದು. ಅಷ್ಟು ಹಳೆಯದಾಗಿಯೂ ಅದೇ ಹೆಚ್ಚು ಕೆಂಪಾಗಿದ್ದರೆ, ಪ್ಯಾಕ್ ಮಾಡಿದ ದಿನ ಇವೆರಡರ ನಡುವಿನ ಅಂತರ ಇನ್ನೂ ದೊಡ್ಡದಿತ್ತು ಎಂದರ್ಥ.

ಫ್ಯಾಕ್ಟರಿ ಕೊಟ್ಟ ರಿಪೋರ್ಟ್ ಇದನ್ನು ಹೇಳಲಾರದು, ಏಕೆಂದರೆ ಅದರಲ್ಲಿ ಇರುವುದು ಸಾಮಾನ್ಯವಾಗಿ ತೇವಾಂಶ, ಬೂದಿ, ಸಾಲ್ಮೊನೆಲ್ಲಾ ಇಲ್ಲ, ಕೃತಕ ಬಣ್ಣ ಇಲ್ಲ ಇಂಥವು. ಆಹಾರ ಸುರಕ್ಷತೆಗೆ ಅವೆಲ್ಲ ಬೇಕು. ಆದರೆ ಕಾನೂನಿಗೆ ಸರಿಹೊಂದಿದ ಎರಡು ಪುಡಿಗಳ ರುಚಿ ಪೂರ್ತಿ ಬೇರೆ ಇರಬಹುದು. ಆ ರಿಪೋರ್ಟನ್ನು ಇನ್ನೊಮ್ಮೆ ತೆಗೆದು ಮೂರು ಕಡೆ ಕಣ್ಣಾಡಿಸಿ: ಬ್ಯಾಚ್ ಸಂಖ್ಯೆ ನಿಮ್ಮ ಪೊಟ್ಟಣದ್ದೇ ಆಗಿದೆಯೇ, ಸ್ಯಾಂಪಲ್ ಲ್ಯಾಬ್ ತಲುಪಿದ ದಿನ ಪ್ಯಾಕಿಂಗ್ ದಿನದ ನಂತರದ್ದೇ, ಸ್ಯಾಂಪಲ್ ತೆಗೆದವರು ಯಾರು. ಗಿರಾಕಿಯೇ ತಂದುಕೊಟ್ಟ ಸ್ಯಾಂಪಲ್ ಎಂದು ಲ್ಯಾಬ್‌ಗಳು ಕೆಳಗೆ ಸಣ್ಣಕ್ಷರದಲ್ಲಿ ಬರೆದಿರುತ್ತವೆ. ಅಂದರೆ ಫ್ಯಾಕ್ಟರಿ ಆರಿಸಿ ಕೊಟ್ಟ ನೂರಿನ್ನೂರು ಗ್ರಾಂ ಚೆನ್ನಾಗಿತ್ತು ಎಂಬುದಕ್ಕಷ್ಟೇ ಅದು ಸಾಕ್ಷಿ.

ಈಗ ಭೇಟಿ. ಹೆಚ್ಚಿನವರು ಇಲ್ಲಿ ನೆಲ, ಗೋಡೆ, ತಲೆಟೋಪಿ, ಗೋಡೆಯ ಮೇಲಿನ ಸರ್ಟಿಫಿಕೇಟು ನೋಡಿ, ಚಹಾ ಕುಡಿದು ಬರುತ್ತಾರೆ. ಶುಚಿತ್ವ ನೋಡಬೇಕು ನಿಜ, ಲೈಸೆನ್ಸ್‌ನಲ್ಲಿ ಮಸಾಲೆ ಪುಡಿಯ ವರ್ಗ ಸೇರಿದೆಯೇ ಎಂದು ನೋಡುವುದಕ್ಕೂ ಐದು ನಿಮಿಷ ಸಾಕು. ನಿಮ್ಮ ಸಮಸ್ಯೆ ಮಾತ್ರ ಕಟ್ಟಡದಲ್ಲಿ ಇಲ್ಲ, ಹಳೆಯ ಬ್ಯಾಚ್‌ನ ಕಾಗದಗಳಲ್ಲಿ ಇದೆ. ಅರ್ಧ ದಿನವನ್ನು ಆ ಕಾಗದಗಳಿಗೇ ಇಡಿ. ಮಿಕ್ಕರ್ಧ ಮಿಲ್ ಓಡುತ್ತಿರುವಾಗ ಅಲ್ಲಿ ನಿಲ್ಲಲು. ಆದ್ದರಿಂದ ಕೆಲಸ ನಡೆಯುವ ದಿನವೇ ಹೋಗಿ. ಬೇರೆ ಗಿರಾಕಿಗಳ ಹೆಸರು ತೋರಿಸಲಾಗದು ಎಂದು ಅವರು ಹೇಳಿದರೆ ಅದು ನ್ಯಾಯವೇ. ಹೆಸರಿನ ಮೇಲೆ ಕಾಗದ ಮುಚ್ಚಿ ತೋರಿಸಲಿ, ತೂಕ ಮತ್ತು ತಾರೀಖು ಕಂಡರೆ ಸಾಕು.

ಯಾವ ಬ್ಯಾಚ್‌ನ ದಾಖಲೆ ಎಂಬುದನ್ನು ನೀವೇ ಆರಿಸಿ, ಎರಡನೆಯದು. ಮುಂಚಿತವಾಗಿ ಹೇಳಬೇಡಿ. ನಂತರ ಲೆಕ್ಕ ಮಾಡಿ. ನಿಮ್ಮ ಅಳತೆ ನನಗೆ ಗೊತ್ತಿಲ್ಲ, ಒಂದು ಮಾದರಿ ಹಿಡಿಯೋಣ. 100 ಕೆ.ಜಿ. ಪುಡಿಗೆ ಕೊತ್ತಂಬರಿ 40, ಬ್ಯಾಡಗಿ 28, ಜೀರಿಗೆ 8, ಉಪ್ಪು 7, ಕಾಳುಮೆಣಸು 5, ಬೇಳೆ 4, ಮೆಂತ್ಯ 3, ಕರಿಬೇವು 2, ಅರಿಶಿನ 2, ಇಂಗು 1. ಹಾಗಾದರೆ 300 ಕೆ.ಜಿ.ಗೆ ಮೆಣಸಿನಕಾಯಿ ಪುಡಿ 84 ಕೆ.ಜಿ. ಬೇಕು. ತೊಟ್ಟು ಬಿಡಿಸುವುದರಲ್ಲಿ, ಹುರಿಯುವುದರಲ್ಲಿ, ಮಿಲ್‌ನಲ್ಲಿ ಒಟ್ಟು ನೂರಕ್ಕೆ ಹತ್ತು ಹೋಗುತ್ತದೆ ಎಂದಿಟ್ಟುಕೊಂಡರೆ ಸ್ಟೋರ್‌ನಿಂದ ಸುಮಾರು 93 ಕೆ.ಜಿ. ಕಾಯಿ ಹೊರಬಂದಿರಬೇಕು. ಈಗ ಸ್ಟೋರ್ ರಿಜಿಸ್ಟರ್ ತೆಗೆಸಿ. ಆ ದಿನ ಬ್ಯಾಡಗಿ ಎಂದು 60 ಕೆ.ಜಿ. ಮಾತ್ರ ಕೊಟ್ಟಿದ್ದಾರೆ ಎನ್ನಿ. ಉಳಿದ 33 ಎಲ್ಲಿಂದ ಬಂತು? ಬೇರೆ ಮೆಣಸಿನಕಾಯಿಯ ಪುಟ ತಿರುಗಿಸಿದರೆ ಅದೇ ದಿನ 35 ಕೆ.ಜಿ. ಹೊರಹೋಗಿದೆ, ಯಾವ ಉತ್ಪನ್ನಕ್ಕೆ ಎಂದು ಬರೆದಿಲ್ಲ. ಇಷ್ಟರಿಂದಲೇ ತೀರ್ಮಾನಕ್ಕೆ ಬರಬೇಡಿ. ಅಂದು ಬೇರೆಯವರ ಖಾರದ ಪುಡಿಯನ್ನೂ ಬೀಸಿರಬಹುದು. ಪ್ರೊಡಕ್ಷನ್ ರಿಜಿಸ್ಟರ್‌ನಲ್ಲಿ ಆ ದಿನ ಬೇರೆ ಮೆಣಸಿನಕಾಯಿ ಬೇಡುವ ಉತ್ಪನ್ನವೇ ಇಲ್ಲದಿದ್ದರೆ ಮಾತ್ರ ಲೆಕ್ಕ ಮುಗಿದಂತೆ. ಆಮೇಲೆ ಲ್ಯಾಬ್‌ನ ಬಣ್ಣ, ಖಾರದ ಅಂಕಿಯನ್ನು ಇದರ ಪಕ್ಕ ಇಡಿ. ಎರಡೂ ಒಂದೇ ಕಡೆ ಬೆರಳು ತೋರಿಸಿದರೆ ವಾದಕ್ಕೆ ಜಾಗ ಉಳಿಯುವುದಿಲ್ಲ.

ಇದೇ ಲೆಕ್ಕವನ್ನು ಮುಂದಕ್ಕೂ ಮಾಡಿ. 300 ಕೆ.ಜಿ. ಎಂದರೆ 1,500 ಪೊಟ್ಟಣ. ಪ್ಯಾಕಿಂಗ್ ದಾಖಲೆಯಲ್ಲಿ 1,460 ಇದ್ದರೆ 8 ಕೆ.ಜಿ. ಉಳಿದಿರಬೇಕು. ಅದು ಎಲ್ಲಿ ಹೋಯಿತು ಎಂದು ಕೇಳಿ. ಚೆಲ್ಲಿದ್ದು, ಸೀಲ್ ಕೆಟ್ಟ ಪೊಟ್ಟಣಗಳದ್ದು ಅಂದರೆ ಸರಿ, ಬಿಸಾಡಿದ್ದರ ದಾಖಲೆ ತೋರಿಸಲಿ. "ಮುಂದಿನ ಬ್ಯಾಚ್‌ಗೆ ಸೇರಿಸಿಬಿಡ್ತೀವಿ ಸರ್" ಅಂದರೆ ನಿಮ್ಮ ಬ್ಯಾಚ್‌ಗೆ ಯಾರದ್ದೋ ಉಳಿಕೆ ಸೇರಿರುವ ಸಾಧ್ಯತೆಯೂ ಇದೆ. ಮಿಲ್‌ಗೂ ಇದೇ ಪ್ರಶ್ನೆ ಕೇಳಬೇಕು. ನಿಮ್ಮ ಪುಡಿಗೆ ಮುಂಚೆ ಅದರಲ್ಲಿ ಏನು ಬೀಸಿದ್ದರು? ಬೆಳ್ಳುಳ್ಳಿ ಹಾಕಿದ ಮಸಾಲೆ ಬೀಸಿ, ಒಣಬಟ್ಟೆಯಲ್ಲಿ ಒರೆಸಿ ನಿಮ್ಮ ಸಾರಿನ ಪುಡಿ ಶುರುಮಾಡಿದ್ದರೆ ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ಮನೆಯವರಿಗೆ ಮೊದಲ ಕೆಲವು ಪೊಟ್ಟಣದಲ್ಲೇ ವಾಸನೆ ಹತ್ತುತ್ತದೆ. ಮೊದಲು ಒಂದಿಷ್ಟು ಉಪ್ಪನ್ನೋ ಕೊತ್ತಂಬರಿಯನ್ನೋ ಬೀಸಿ ಬಿಸಾಡುವ ಪದ್ಧತಿ ಇದೆಯೇ, ಅದನ್ನು ಬರೆದಿಡುತ್ತಾರೆಯೇ ನೋಡಿ.

ಬ್ಯಾಚ್ ಶೀಟ್‌ನ ಅಂಕಿಗಳನ್ನು ನೋಡುವಾಗ ಒಂದು ಮಾತು. ನಿಜವಾಗಿ ತೂಗಿ ಬರೆದವರ ಹಾಳೆಯಲ್ಲಿ 28.04, 27.98, 28.10 ಹೀಗೆ ಇರುತ್ತದೆ, ಅಲ್ಲಲ್ಲಿ ಮಸಾಲೆಯ ಕಲೆ ಇರುತ್ತದೆ, ಬೆಳಗಿನ ಪಾಳಿಯ ಅಕ್ಷರ ಬೇರೆ, ಮಧ್ಯಾಹ್ನದ್ದು ಬೇರೆ. ಎಲ್ಲ ಸಾಲಿನಲ್ಲೂ 28.00, ಒಂದೇ ಪೆನ್ನು, ಒಂದೇ ಕೈಬರಹ ಎಂದರೆ ನೀವು ಬರುವ ಹಿಂದಿನ ರಾತ್ರಿ ಕೂತು ಬರೆದದ್ದಿರಬಹುದು. ತೂಕದ ಯಂತ್ರದ ಬಳಿಯೂ ಒಂದು ನಿಮಿಷ ನಿಲ್ಲಿ. ಮೆಣಸಿನಕಾಯಿಯ ಮೂಟೆ ತೂಗುವ ದೊಡ್ಡ ಕಾಟಾದಲ್ಲೇ 1 ಕೆ.ಜಿ. ಇಂಗನ್ನೂ ತೂಗಿದರೆ ನೂರು ಗ್ರಾಂ ಆಚೀಚೆ ಆದದ್ದು ಯಾರಿಗೂ ಗೊತ್ತಾಗುವುದಿಲ್ಲ. ಇಂಗಿನಲ್ಲಿ ನೂರು ಗ್ರಾಂ ಎಂದರೆ ನೂರಕ್ಕೆ ಹತ್ತು. ಇಂಗಿನ ವಿಷಯ ಬಂದಾಗ ಅದರ ಡಬ್ಬಿಯನ್ನೂ ತಿರುಗಿಸಿ ಓದಿ: ಕಟ್ಟಿದ ಇಂಗಿನಲ್ಲಿ ಮೈದಾ ಇರುವುದೂ ಉಂಟು, ಅಕ್ಕಿ ಹಿಟ್ಟು ಇರುವುದೂ ಉಂಟು. ಫ್ಯಾಕ್ಟರಿ ಸದ್ದಿಲ್ಲದೆ ಇಂಗಿನ ಬ್ರಾಂಡ್ ಬದಲಿಸಿದರೆ ನಿಮ್ಮ ಪೊಟ್ಟಣದ ಮೇಲಿನ ಅಲರ್ಜಿ ಸೂಚನೆ ಸುಳ್ಳಾಗಬಹುದು.

ಇಲ್ಲಿಯವರೆಗೆ ಆದದ್ದು ಹಿಂದಿನ ಬ್ಯಾಚ್‌ನ ವಿಚಾರಣೆ. ಮುಂದಿನ 2 ಟನ್ನಿಗೆ ಇನ್ನೊಂದು ಪ್ರಶ್ನೆಯಿದೆ, ನನ್ನ ಪ್ರಕಾರ ಅದೇ ಹೆಚ್ಚು ಮುಖ್ಯ: ಈ ಫ್ಯಾಕ್ಟರಿಯಲ್ಲಿ ಒಂದು ಬ್ಯಾಚ್ ಎಂದರೆ ಯಾವುದು? ಬ್ಲೆಂಡರ್‌ಗೆ ಒಂದು ಸಲಕ್ಕೆ 100 ಕೆ.ಜಿ. ಹಿಡಿಯುತ್ತದೆ ಎನ್ನಿ. ನಿಮ್ಮ 300 ಕೆ.ಜಿ. ಮೂರು ಲೋಡ್‌ನಲ್ಲಿ ಆಯಿತು. 2 ಟನ್ ಎಂದರೆ ಇಪ್ಪತ್ತು ಲೋಡ್. ಆದರೆ ಪೊಟ್ಟಣದ ಮೇಲೆ ಒಂದೇ ಬ್ಯಾಚ್ ಸಂಖ್ಯೆ ಬೀಳುತ್ತದೆ, ಏಕೆಂದರೆ ಹೆಚ್ಚಿನ ಕಡೆ ಆರ್ಡರ್‌ಗೊಂದು ಸಂಖ್ಯೆ ಕೊಡುವುದೇ ರೂಢಿ. ಏಳನೆಯ ಲೋಡ್‌ನಲ್ಲಿ ಉಪ್ಪು ಎರಡು ಸಲ ಬಿದ್ದರೆ ಐನೂರು ಪೊಟ್ಟಣ ಕೆಡುತ್ತವೆ, ಆದರೆ ಯಾವ ಐನೂರು ಎಂದು ತಿಳಿಯದ್ದರಿಂದ ವಾಪಸ್ ತರಿಸಬೇಕಾದ್ದು ಹತ್ತು ಸಾವಿರವನ್ನೂ. ಪ್ರತಿ ಲೋಡ್‌ಗೆ ಬೇರೆ ಸಂಖ್ಯೆ, ಪೊಟ್ಟಣದ ಮೇಲೆ ಅದರ ಮುದ್ರೆ, ಇದನ್ನು ಒಪ್ಪದ ಫ್ಯಾಕ್ಟರಿಗೆ 2 ಟನ್ ಕೊಡಬೇಡಿ. ಖರ್ಚಿಲ್ಲದ ಕೆಲಸವಿದು, ಇಂಕ್‌ಜೆಟ್ ಯಂತ್ರದಲ್ಲಿ ಎರಡು ಅಂಕಿ ಬದಲಿಸುವುದಷ್ಟೇ.

ಮೆಣಸಿನಕಾಯಿಗೂ ಪ್ರಮಾಣದ ಜೊತೆ ಸ್ವಭಾವ ಬದಲಾಗುತ್ತದೆ. 2 ಟನ್ನಿಗೆ ಸುಮಾರು 620 ಕೆ.ಜಿ. ಕಾಯಿ ಬೇಕು. ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರ ಮಾಲು ಸಣ್ಣ ಸಣ್ಣ ಲಾಟ್‌ಗಳಾಗಿ ಹರಾಜಿಗೆ ಬರುತ್ತದೆ, ವ್ಯಾಪಾರಿ ಅವನ್ನು ಕೂಡಿಸಿ ಮೂಟೆ ತುಂಬುತ್ತಾನೆ. ನೀವು ಒಂದೇ ಅಂಗಡಿಯಿಂದ ಕೊಂಡರೂ ಮೂಟೆಯಿಂದ ಮೂಟೆಗೆ ಬಣ್ಣ ಬೇರೆ. ಫ್ಯಾಕ್ಟರಿ ಒಂದೊಂದೇ ಮೂಟೆ ಬಿಚ್ಚಿ ಲೋಡ್‌ಗೆ ಹಾಕುತ್ತ ಹೋದರೆ ನಿಮ್ಮ ಇಪ್ಪತ್ತು ಲೋಡ್‌ಗಳಲ್ಲಿ ಇಪ್ಪತ್ತು ಬಣ್ಣ. ಇದಕ್ಕೆ ಸುಲಭದ ದಾರಿ, ಎಲ್ಲ ಕಾಯಿಯನ್ನೂ ಮೊದಲು ಬೀಸಿ, ಆ ಪುಡಿಯನ್ನು ಬ್ಲೆಂಡರ್‌ನಲ್ಲಿ ಒಂದು ಸುತ್ತು ಕಲೆಸಿ, ಅದು ಒಂದು ಸಲಕ್ಕೆ ಹಿಡಿಯದಿದ್ದರೆ ಪ್ರತಿ ಸುತ್ತಿಗೂ ಎಲ್ಲ ಮೂಟೆಗಳಿಂದ ಸಮಪಾಲು ಸೇರಿಸಿ, ಇಪ್ಪತ್ತು ಸಮ ಭಾಗ ಮಾಡಿಟ್ಟುಕೊಂಡು ಆಮೇಲೆ ಉಳಿದ ಸಾಮಾನು ಕೂಡಿಸುವುದು. ಬೀಸಿದ ಪುಡಿಯ ಬಣ್ಣ ಇಡೀ ಕಾಯಿಗಿಂತ ಬೇಗ ಇಳಿಯುವುದರಿಂದ ಕೆಲವೇ ದಿನಗಳಲ್ಲಿ ಮುಗಿಸಬೇಕು, ಮುಚ್ಚಿದ ಡ್ರಮ್‌ನಲ್ಲಿ ಕತ್ತಲಲ್ಲಿ ಇಡಬೇಕು.

ಕಲೆಸುವುದು ಸರಿಯಾಗಿದೆಯೇ ಎಂದು ನೋಡಲು ಬಾಯಿರುಚಿ ಸಾಲದು. ಅಗ್ಗದ ಪರೀಕ್ಷೆ ಒಂದಿದೆ. ಪುಡಿಯಲ್ಲಿ ಉಪ್ಪು ಇದೆಯಲ್ಲ, ಅದನ್ನೇ ಗುರುತಿಗೆ ಬಳಸಿ. ನೀವು ಎದುರು ನಿಂತಿರುವಾಗ ಒಂದು ಲೋಡ್ ಕಲೆಸಲಿ. ಅದನ್ನು ಪ್ಯಾಕ್ ಮಾಡುವಾಗ ಮೊದಲಿನಿಂದ ಕೊನೆಯವರೆಗೆ ಸಮ ಅಂತರದಲ್ಲಿ ಹತ್ತು ಪೊಟ್ಟಣ ಎತ್ತಿಡಿ, ಪ್ರತಿಯೊಂದರ ಉಪ್ಪಿನ ಪ್ರಮಾಣ ತೆಗೆಸಿ. ಸಿಲ್ವರ್ ನೈಟ್ರೇಟ್ ಟೈಟ್ರೇಶನ್ ಯಾವ ಸಾಮಾನ್ಯ ಲ್ಯಾಬ್‌ಗೂ ಬರುತ್ತದೆ. ಹತ್ತು ಉತ್ತರ ಹೀಗೆ ಬಂತು ಎನ್ನಿ: 6.8, 7.1, 7.3, 6.9, 7.0, 6.7, 7.2, 7.4, 6.6, 7.0. ಸರಾಸರಿ 7.0. ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂದು ಹೇಳುವ ಪ್ರಮಾಣ ವಿಚಲನೆಯನ್ನು ಎಕ್ಸೆಲ್‌ನಲ್ಲಿ ತೆಗೆದರೆ 0.26 ಬರುತ್ತದೆ, ಅದು ಸರಾಸರಿಯ ನೂರಕ್ಕೆ 4ರೊಳಗೆ. ಒಣಪುಡಿ ಕಲೆಸುವಲ್ಲಿ ನೂರಕ್ಕೆ 10ರೊಳಗೆ ಇದ್ದರೆ ಒಳ್ಳೆಯದೆಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಉಪ್ಪಿನ ಈ ಚದುರಿಕೆ ನೂರಕ್ಕೆ 6 ದಾಟಿದರೆ ನಾನು ಪ್ರಶ್ನೆ ಕೇಳುತ್ತೇನೆ.

ಅಂಕಿಗಿಂತ ಅದರ ಆಕಾರ ಹೆಚ್ಚು ಹೇಳುತ್ತದೆ. ಮೇಲಿನ ಹತ್ತರಲ್ಲಿ ಏರಿಳಿತಕ್ಕೆ ದಿಕ್ಕಿಲ್ಲ, ಹಾಗಿದ್ದರೆ ಚಿಂತೆಯಿಲ್ಲ. ಮೊದಲ ಪೊಟ್ಟಣದಿಂದ ಕೊನೆಯದಕ್ಕೆ ಬರುತ್ತ ಉಪ್ಪು ಒಂದೇ ಸಮನೆ ಇಳಿಯುತ್ತಲೋ ಏರುತ್ತಲೋ ಹೋದರೆ ತಪ್ಪು ಬ್ಲೆಂಡರ್‌ನದಲ್ಲ, ಪ್ಯಾಕಿಂಗ್ ಯಂತ್ರದ ಹಾಪರ್‌ನದು. ಅಲುಗಾಡುವ ಹಾಪರ್‌ನಲ್ಲಿ ಭಾರದ ಸಣ್ಣ ಉಪ್ಪಿನ ಹರಳು ಕೆಳಗಿಳಿಯುತ್ತದೆ, ಹಗುರ ಕೊತ್ತಂಬರಿ ಸಿಪ್ಪೆ ಮೇಲೆ ಉಳಿಯುತ್ತದೆ. ಹಾಪರನ್ನು ಅರ್ಧಕ್ಕೇ ತುಂಬಿಸುವುದು, ಉಪ್ಪನ್ನೂ ಉಳಿದ ಪುಡಿಯಷ್ಟೇ ನುಣ್ಣಗೆ ಬೀಸುವುದು ಇದಕ್ಕೆ ಪರಿಹಾರ. ಹಾಗಲ್ಲದೆ ಎಲ್ಲೋ ಒಂದು ಪೊಟ್ಟಣದಲ್ಲಿ 9, ಇನ್ನೊಂದರಲ್ಲಿ 5 ಎಂದು ಬಂದರೆ ಬ್ಲೆಂಡರನ್ನು ಕಂಠಮಟ್ಟ ತುಂಬಿದ್ದಾರೆ, ಇಲ್ಲವೇ ಬೇಗ ನಿಲ್ಲಿಸಿದ್ದಾರೆ. ರಿಬ್ಬನ್ ಬ್ಲೆಂಡರ್‌ನಲ್ಲಿ ಮೇಲಿನ ಪಟ್ಟಿ ಪುಡಿಯೊಳಗೆ ಪೂರ್ತಿ ಹುದುಗಿ ಹೋದರೆ ಮೇಲ್ಪದರ ತಿರುಗುವುದೇ ಇಲ್ಲ. ಆರ್ಡರ್ ದೊಡ್ಡದಾದಾಗ, ಬೇಗ ಮುಗಿಸಲೆಂದು 100ರ ಬದಲು 130 ಕೆ.ಜಿ. ಹಾಕುವುದು ಸಾಮಾನ್ಯ. ಅದಕ್ಕೇ ಲೋಡ್‌ನ ತೂಕವನ್ನೂ ಕಲೆಸುವ ನಿಮಿಷವನ್ನೂ ಒಪ್ಪಂದದಲ್ಲಿ ಬರೆಸಿ. ಇನ್ನೊಂದು ಲೋಡ್‌ನ ಹತ್ತು ಪೊಟ್ಟಣದ ಸರಾಸರಿ 8.1 ಎಂದು ಬಂದರೆ ಕಲೆಸುವುದರಲ್ಲಿ ತೊಂದರೆಯಿಲ್ಲ, ತೂಗಿದವನ ತಪ್ಪು. ಹೀಗೆ ಒಂದು ಉಪ್ಪಿನ ಪರೀಕ್ಷೆ ಮೂರು ಬೇರೆ ಬೇರೆ ದೋಷಗಳನ್ನು ಬಿಡಿಸಿ ತೋರಿಸುತ್ತದೆ. ಅದರ ಮಿತಿ ಇಷ್ಟೇ: ಉಪ್ಪು ಸಮನಾಗಿದೆ ಎಂದಮಾತ್ರಕ್ಕೆ ಗಂಟುಕಟ್ಟುವ ಇಂಗು ಸಮನಾಗಿದೆ ಎನ್ನಲಾಗದು. ಇಂಗನ್ನು ಮೊದಲು ಐದು ಕೆ.ಜಿ. ಕೊತ್ತಂಬರಿ ಪುಡಿಯೊಂದಿಗೆ ಕಲೆಸಿ, ಜರಡಿ ಹಿಡಿದು ಆಮೇಲೆ ಬ್ಲೆಂಡರ್‌ಗೆ ಹಾಕುತ್ತಾರೆಯೇ ಎಂದು ಕಣ್ಣಾರೆ ನೋಡಬೇಕು.

ಮಿಲ್‌ನ ಸಾಮರ್ಥ್ಯದ ಲೆಕ್ಕ ಮನಸ್ಸಿನಲ್ಲೇ ಮಾಡಬಹುದು. ಗಂಟೆಗೆ 50 ಕೆ.ಜಿ. ಬೀಸುವ ಪಲ್ವರೈಸರ್‌ಗೆ 2 ಟನ್ ಎಂದರೆ 40 ಗಂಟೆ, ಎಂಟು ಗಂಟೆಯ ಪಾಳಿಯಲ್ಲಿ ಐದು ದಿನ. ಎರಡೇ ದಿನದಲ್ಲಿ ಕೊಡುತ್ತೇವೆ ಎಂದು ಮಾತು ಕೊಟ್ಟರೆ ಉಳಿದದ್ದನ್ನು ಎಲ್ಲಿ ಬೀಸಿಸುತ್ತೀರಿ ಎಂದು ಕೇಳಿ. ಹೊರಗಿನ ಗಿರಣಿಗೆ ಕಳಿಸುವ ಅಭ್ಯಾಸ ಇದ್ದರೆ ನೀವು ನೋಡಿಬಂದ ಫ್ಯಾಕ್ಟರಿಯ ಶುಚಿತ್ವಕ್ಕೂ ನಿಮ್ಮ ಪುಡಿಗೂ ಸಂಬಂಧವಿಲ್ಲ. ಅವಸರದ ಇನ್ನೊಂದು ಅಡ್ಡಪರಿಣಾಮ ಬಿಸಿ. ಸಾದಾ ಪಲ್ವರೈಸರ್‌ನಲ್ಲಿ ಪುಡಿ 90 ಡಿಗ್ರಿಯವರೆಗೂ ಕಾಯಬಲ್ಲದು, ಕೊತ್ತಂಬರಿ ಜೀರಿಗೆಯ ಪರಿಮಳದ ಎಣ್ಣೆ ಆಗ ಹಾರಿಹೋಗುತ್ತದೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದು ಜೇಬಿನಲ್ಲಿರಲಿ. ಮಿಲ್ ಶುರುವಾದಾಗ ಒಮ್ಮೆ, ಎರಡು ಗಂಟೆ ಓಡಿದ ಮೇಲೆ ಒಮ್ಮೆ ಹೊರಬರುವ ಪುಡಿಯ ಬಿಸಿ ನೋಡಿ. ಎರಡರ ನಡುವೆ ಭಾರೀ ಅಂತರವಿದ್ದರೆ ಬೆಳಗಿನ ಲೋಡ್‌ಗೂ ಸಂಜೆಯ ಲೋಡ್‌ಗೂ ಘಮ ಒಂದೇ ಇರದು. 300 ಕೆ.ಜಿ. ಮಾಡಿದಾಗ ಮಿಲ್‌ಗೆ ಅಷ್ಟು ಕಾಯುವ ಸಂದರ್ಭವೇ ಬಂದಿರಲಿಕ್ಕಿಲ್ಲ. ಬಿಸಿ ಪುಡಿಯನ್ನು ಹಾಗೇ ಪೊಟ್ಟಣಕ್ಕೆ ತುಂಬಿದರೆ ಒಳಗೆ ಬೆವರಿ ಗಂಟುಕಟ್ಟುತ್ತದೆ, ಆದ್ದರಿಂದ ಎಲ್ಲಿ, ಎಷ್ಟು ಹೊತ್ತು ಆರಿಸುತ್ತಾರೆ ಎಂಬುದನ್ನೂ ನೋಡಿ. ನೆಲದ ಮೇಲೆ ಹರಡಿ ಫ್ಯಾನ್ ಹಾಕುವುದಾದರೆ ಬೇಡ ಅನ್ನಿ.

ತೂಕ ಮತ್ತು ಸೀಲ್‌ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ, ಅದಕ್ಕೆ ಸಿದ್ಧ ಪಟ್ಟಿಗಳಿವೆ. ಪೊಟ್ಟಣ ಸಾಮಗ್ರಿ ನಿಯಮದ ಪ್ರಕಾರ 200 ಗ್ರಾಂ ಪೊಟ್ಟಣ ಒಂದೊಂದಾಗಿ 9 ಗ್ರಾಂವರೆಗೆ ಕಡಿಮೆ ಇರಬಹುದು, ಆದರೆ ಸರಾಸರಿ 200ಕ್ಕಿಂತ ಇಳಿಯುವಂತಿಲ್ಲ. ಮಾಲು ಬಂದಾಗ ಐಎಸ್ 2500 ಮಾನಕದ ಪಟ್ಟಿಯಂತೆ 10,000ದ ರಾಶಿಯಿಂದ 200 ಪೊಟ್ಟಣ ಅಲ್ಲಲ್ಲಿಂದ ತೆಗೆದು ನೋಡಿ. ದೊಡ್ಡ ದೋಷಕ್ಕೆ ಎಕ್ಯೂಎಲ್, ಅಂದರೆ ಒಪ್ಪಬಹುದಾದ ದೋಷದ ಮಟ್ಟ, ನೂರಕ್ಕೆ 2.5 ಎಂದು ಇಟ್ಟುಕೊಂಡರೆ 10 ಪೊಟ್ಟಣದವರೆಗೆ ಸ್ವೀಕಾರ, 11ಕ್ಕೆ ತಿರಸ್ಕಾರ. ಈ ಪಟ್ಟಿ ಕಣ್ಣಿಗೆ ಕಾಣುವ, ತೂಗಲು ಬರುವ ದೋಷಕ್ಕೆ ಮಾತ್ರ. ಪುಡಿಯೊಳಗಿನ ರುಚಿಯ ಬಗ್ಗೆ ಅದು ಏನೂ ಹೇಳದು, ಸಾಲ್ಮೊನೆಲ್ಲಾ ಥರದ್ದಕ್ಕಂತೂ ಹತ್ತು ಇರಲಿ, ಒಂದೂ ಇರುವಂತಿಲ್ಲ.

ಕೊನೆಗೆ ನಿರ್ಧಾರ. ಬ್ಯಾಡಗಿಯ ಲೆಕ್ಕ ತಾಳೆಯಾಗದೆ, ಅದಕ್ಕೆ ಅವರ ಬಳಿ ಉತ್ತರವೂ ಇಲ್ಲದಿದ್ದರೆ ಬೇರೆ ಫ್ಯಾಕ್ಟರಿ ಹುಡುಕಿ. "ಹೌದು, ಆ ತಿಂಗಳು ಬ್ಯಾಡಗಿ ಸಿಗಲಿಲ್ಲ, ಹೇಳಬೇಕಿತ್ತು" ಎಂದು ಒಪ್ಪಿಕೊಂಡರೆ ನಾನಾದರೆ ಮುಂದುವರಿಯುತ್ತೇನೆ, ಆದರೆ ಮೆಣಸಿನಕಾಯಿಯನ್ನು ನಾನೇ ಕೊಂಡು ಕೊಡುತ್ತೇನೆ. ಜಾಬ್ ವರ್ಕ್‌ಗೆಂದು ಕಚ್ಚಾ ಮಾಲನ್ನು ಡೆಲಿವರಿ ಚಲನ್ ಮೇಲೆ ತೆರಿಗೆ ಕಟ್ಟದೆ ಕಳಿಸಲು ಜಿಎಸ್‌ಟಿ ಕಾಯ್ದೆಯ 143ನೇ ಕಲಂ ಅವಕಾಶ ಕೊಡುತ್ತದೆ, ಒಂದು ವರ್ಷದೊಳಗೆ ಮಾಲು ತಿರುಗಿ ಬರಬೇಕು. ಧಾರವಾಡದಿಂದ ಬ್ಯಾಡಗಿ ದೂರವೇನಲ್ಲ, ಹೊಸ ಬೆಳೆ ಬರುವಾಗ ಕೊಂಡು ಕೋಲ್ಡ್ ಸ್ಟೋರೇಜ್‌ನಲ್ಲಿ ಇಡಬಹುದು. ಹಣ ಸಿಕ್ಕಿಹಾಕಿಕೊಳ್ಳುತ್ತದೆ ನಿಜ, ಕಾಯಿ ಕೆಟ್ಟರೆ ನಷ್ಟ ನಿಮ್ಮದೇ. ಬೀಸುವಾಗ ಎಷ್ಟು ತೂಕ ಹೋಗಬಹುದು ಎಂಬುದನ್ನು ಮೊದಲೇ ಬರೆದುಕೊಳ್ಳದಿದ್ದರೆ ಅಲ್ಲೇ ಹೊಸ ತಕರಾರು ಹುಟ್ಟುತ್ತದೆ.

ಆರ್ಡರನ್ನು 2 ಟನ್ ಎಂದೇ ಬರೆಯಿರಿ, ದರವೂ 2 ಟನ್ನಿನದೇ ಇರಲಿ, ಆದರೆ ತಲಾ 500 ಕೆ.ಜಿ.ಯಂತೆ ನಾಲ್ಕು ಕಂತಿನಲ್ಲಿ ಮಾಡಿಸಿ. ಹಾಗೆ ಮಾಡಿದಾಗ ಕಾಯಿಯನ್ನೂ ಒಂದೇ ಸಲಕ್ಕೆ ಬೀಸಿಡದೆ, ಪ್ರತಿ ಕಂತಿಗೂ ಎಲ್ಲ ಮೂಟೆಗಳಿಂದ ಸಮಪಾಲು ತೆಗೆದು, ಆ ಕಂತಿನದನ್ನಷ್ಟೇ ಬೀಸಿ ಕಲೆಸಿ ಐದು ಭಾಗ ಮಾಡಬೇಕು. ಮೊದಲ ಕಂತಿನ ಐದು ಲೋಡ್‌ಗಳಲ್ಲಿ ಪ್ರತಿಯೊಂದರಿಂದಲೂ ಎರಡು ಕಂಟ್ರೋಲ್ ಸ್ಯಾಂಪಲ್ ತೆಗೆದು, ಇಬ್ಬರೂ ಸಹಿ ಮಾಡಿ, ಒಂದು ಅವರಲ್ಲಿ ಒಂದು ನಿಮ್ಮಲ್ಲಿ ಕತ್ತಲ ಕಪಾಟಿನಲ್ಲಿ ಇರಲಿ. ನೀವು ಒಪ್ಪಿದ ಮೊದಲ ಬ್ಯಾಚ್‌ನ ಬಣ್ಣ, ಖಾರ, ಉಪ್ಪು, ತೇವಾಂಶದ ಅಂಕಿಗಳನ್ನೂ ಎಷ್ಟು ಆಚೀಚೆ ಆಗಬಹುದು ಎಂಬುದನ್ನೂ ಒಂದು ಹಾಳೆಯಲ್ಲಿ ಬರೆದು ಆರ್ಡರ್‌ಗೆ ಲಗತ್ತಿಸಿ. ಲ್ಯಾಬ್ ಅಂಕಿ ಅದರೊಳಗೆ ಬಂದ ಮೇಲೆ ಆ ಕಂತಿನ ಬಾಕಿ ಹಣ ಕೊಡಿ, ಎರಡನೆಯ ಕಂತಿಗೆ ಮೆಣಸಿನಕಾಯಿ ಕಳಿಸಿ. ಅಂಗಡಿ ಸರಣಿಯವರು 2 ಟನ್ನೂ ಒಂದೇ ದಿನ ಬೇಕೆಂದು ಪಟ್ಟು ಹಿಡಿಯುವುದು ಅಪರೂಪ, ಅವರ ಗೋಡೌನ್‌ಗೂ ಕಂತೇ ಅನುಕೂಲ. ಇವತ್ತೇ ಅವರಿಗೆ ಫೋನ್ ಮಾಡಿ ತಾರೀಖುಗಳನ್ನು ಕೇಳಿಕೊಳ್ಳಿ, ಫ್ಯಾಕ್ಟರಿಯ ಜೊತೆ ದಿನಗಳ ಚೌಕಾಸಿ ಆಮೇಲೆ ಮಾಡಬಹುದು.